ನೀರಿನ ಅಡುಗೆ ಇಂಡಕ್ಷನ್‌ಗೆ, ಎಣ್ಣೆ ಅಡುಗೆ ಗ್ಯಾಸಿಗೆ

ಪ್ರಶ್ನೆ: ನಾವು ಚಿತ್ರದುರ್ಗದಲ್ಲಿ ಆರು ಜನ ಇದ್ದೀವಿ. ದಿನಾ ಏನಾದರೂ ಕರಿಯೋದು ಇರುತ್ತೆ, ಸಾರು-ಕಾಳು ಗಂಟೆಗಟ್ಟಲೆ ಕುದಿಸೋದೂ ಇರುತ್ತೆ. ಗ್ಯಾಸ್ ಬಿಟ್ಟು ಪೂರ್ತಿ ಇಂಡಕ್ಷನ್‌ಗೆ ಹೋಗಬಹುದಾ? ಖರ್ಚು ಉಳಿಯುತ್ತಾ?

ಪೂರ್ತಿ ಹೋಗಬೇಡಿ. ಕುದಿಸುವ ಕೆಲಸ ಇಂಡಕ್ಷನ್‌ಗೆ ಕೊಡಿ, ಕರಿಯುವುದು ಮತ್ತು ರೊಟ್ಟಿ ಗ್ಯಾಸ್ ಮೇಲೇ ಇರಲಿ. ನಮ್ಮದು ದಾವಣಗೆರೆ. ನಮ್ಮ ಮನೆಯಲ್ಲೂ ಆರು ಜನ. ನಾನು ಎರಡು ತಿಂಗಳು ಗ್ಯಾಸನ್ನು ಮುಟ್ಟದೆ ನೋಡಿದೆ, ಆಮೇಲೆ ಹೀಗೆ ಹಂಚಿಕೊಂಡೆ.

ಇದಕ್ಕೆ ಮುಖ್ಯ ಕಾರಣ ಬಿಸಿಯ ಮಟ್ಟ. ನೀರು ಎಷ್ಟೇ ಕುದಿದರೂ 100 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಕರಿಯುವ ಎಣ್ಣೆ 170ರಿಂದ 180 ಡಿಗ್ರಿ ಇರಬೇಕು. ಇಂಡಕ್ಷನ್ ಒಲೆಯಲ್ಲಿ ಬಿಸಿ ಹುಟ್ಟುವುದು ಪಾತ್ರೆಯ ತಳದಲ್ಲಿ. ಗಾಜು ತಾನಾಗಿ ಕಾಯುವುದಿಲ್ಲ, ಪಾತ್ರೆಯಿಂದ ಇಳಿದ ಬಿಸಿಗೆ ಕಾಯುತ್ತದೆ. ಆ ಗಾಜಿನ ಕೆಳಗೆ ಬಿಸಿ ಅಳೆಯುವ ಒಂದು ಸಣ್ಣ ಸೆನ್ಸರ್ ಇರುತ್ತದೆ. ಮೇಲೆ ನೀರು ಕುದಿಯುತ್ತಿದ್ದರೆ ಗಾಜು ಅಷ್ಟೇನೂ ಕಾಯದು, ಒಲೆ ಆರಾಮಾಗಿ ಓಡುತ್ತದೆ. ಮೇಲೆ 180 ಡಿಗ್ರಿ ಎಣ್ಣೆ ಅರ್ಧ ಗಂಟೆ ಕೂತರೆ ಗಾಜೂ ಅದೇ ಮಟ್ಟಕ್ಕೆ ಬರುತ್ತದೆ. ಆಗ ಒಲೆ ತನ್ನನ್ನು ಉಳಿಸಿಕೊಳ್ಳಲು ಪವರ್ ಇಳಿಸುತ್ತದೆ, ಇಲ್ಲವೇ ಕೂಗಿ ನಿಂತುಬಿಡುತ್ತದೆ.

ನನಗೆ ಇದು ಗೊತ್ತಾಗಿದ್ದು ಒಂದು ಭಾನುವಾರ ಸಂಜೆ. ಮಂಡಕ್ಕಿ ಜೊತೆ ಮಿರ್ಚಿ ಮಾಡಬೇಕಿತ್ತು. ನೆಂಟರೂ ಸೇರಿ ಹನ್ನೊಂದು ಜನ. ಚಪ್ಪಟೆ ತಳದ ಸ್ಟೀಲ್ ಬಾಣಲೆಯಲ್ಲಿ ಒಂದೂವರೆ ಲೀಟರ್ ಎಣ್ಣೆ ಹಾಕಿ 2000 ವ್ಯಾಟ್‌ಗೆ ಇಟ್ಟೆ. ಐದು ನಿಮಿಷಕ್ಕೆ ಎಣ್ಣೆ ಕಾಯ್ತು. ಅಲ್ಲಿವರೆಗೆ ಗ್ಯಾಸಿಗಿಂತ ಏನೂ ಕಡಿಮೆ ಇಲ್ಲ. ಮೊದಲ ಎರಡು ಒಬ್ಬೆ ಚೆನ್ನಾಗಿ ಬಂದವು. ಮೂರನೆಯದರಿಂದ ತಕರಾರು ಶುರು. ಮಧ್ಯದಲ್ಲಿ ಬಿದ್ದ ಮಿರ್ಚಿ ಕಪ್ಪಾಗುತ್ತದೆ, ಅಂಚಿನದು ಬಿಳಿಚಿಕೊಂಡೇ ಇರುತ್ತದೆ. ಒಳಗಿನ ಕಾಯಿಲ್ ಒಂದು ಸಣ್ಣ ತಟ್ಟೆಯಷ್ಟು ಅಗಲ ಅಷ್ಟೇ, ನನ್ನ ಬಾಣಲೆ ಅದಕ್ಕಿಂತ ಬಹಳ ದೊಡ್ಡದು, ತಳವೂ ತೆಳು. ಐದನೇ ಒಬ್ಬೆಗೆ ಹಿಟ್ಟು ಎಣ್ಣೆಗೆ ಬಿದ್ದರೂ ಸದ್ದೇ ಇಲ್ಲ. ಒಲೆ ಪವರ್ ಇಳಿಸಿಕೊಂಡಿತ್ತು. ಎಣ್ಣೆ ತಣ್ಣಗಾದರೆ ಏನಾಗುತ್ತೆ ಅಂತ ನಿಮಗೇ ಗೊತ್ತಲ್ವಾ? ಮಿರ್ಚಿ ಎಣ್ಣೆ ಕುಡಿದು ಮೆತ್ತಗಾದವು. ಕೊನೆಗೆ ಗ್ಯಾಸ್ ಹಚ್ಚಿ, ದುಂಡು ತಳದ ಹಳೇ ಕಬ್ಬಿಣದ ಬಾಣಲೆ ಇಟ್ಟು ಮುಗಿಸಿದೆ.

ಒಲೆಯ ಮೇಲೆ 180 ಅಂತ ಬರುವ ಗುಂಡಿಯನ್ನು ಕರಿಯುವಾಗ ನಂಬಬೇಡಿ. ಅದು ತೋರಿಸುವುದು ಗಾಜಿನ ಕೆಳಗಿನ ಬಿಸಿಯ ಲೆಕ್ಕ. ಎಣ್ಣೆಯ ನಿಜವಾದ ಬಿಸಿ ಅದಕ್ಕಿಂತ ಹಿಂದೆಯೋ ಮುಂದೆಯೋ ಇರುತ್ತದೆ. ಚೂರು ಹಿಟ್ಟು ಬಿಟ್ಟು, ಅದು ತಳ ಮುಟ್ಟಿ ಕೂಡಲೇ ಮೇಲೇಳುತ್ತದಾ ಅಂತ ನೋಡುವುದೇ ಸರಿ. ಇನ್ನೊಂದು ವಿಷಯ. ಇಂಡಕ್ಷನ್ ಒಳಗಿನ ಫ್ಯಾನ್ ಕೆಳಗಿಂದ ಗಾಳಿ ಎಳೆಯುತ್ತದೆ. ದಿನಾ ಕರಿದರೆ ಎಣ್ಣೆ ಹಬೆ ಒಳಗೆ ಹೋಗಿ ಜಿಡ್ಡು ಕಟ್ಟುತ್ತದೆ. ಜಿಡ್ಡಿಗೆ ಧೂಳು ಸೇರಿದರೆ ಗಾಳಿ ಆಡದೆ ಒಲೆ ಬೇಗ ಬಿಸಿಯಾಗಿ ನಿಲ್ಲುತ್ತದೆ. ಎರಡು ಪೂರಿ, ನಾಲ್ಕು ಹಪ್ಪಳ ಕರಿಯುವುದಕ್ಕೆ ಏನೂ ಅಡ್ಡಿ ಇಲ್ಲ. ಇಪ್ಪತ್ತು ನಿಮಿಷ ದಾಟುವ ಕೆಲಸಕ್ಕೆ ಮಾತ್ರ ಬೇಡ.

ರೊಟ್ಟಿ ವಿಷಯ ಬೇಗ ಮುಗಿಸುತ್ತೇನೆ. ಜೋಳದ ರೊಟ್ಟಿಯ ನಡು ಬೆಂದು ಅಂಚು ಹಸಿ ಉಳಿಯುತ್ತದೆ, ಬೆಂಕಿಗೆ ಹಿಡಿದು ಉಬ್ಬಿಸುವ ಹಾಗೂ ಇಲ್ಲ. ಮಣ್ಣಿನ ಹಂಚು ಇಂಡಕ್ಷನ್ ಮೇಲೆ ಕಾಯುವುದೇ ಇಲ್ಲ. ತೆಳು ಕಬ್ಬಿಣದ ಹಂಚನ್ನು ಒಮ್ಮೆಲೇ ಜಾಸ್ತಿ ಪವರ್‌ಗೆ ಇಟ್ಟರೆ ನಡುವೆ ಮಾತ್ರ ಕಾದು ಸೊಟ್ಟಗಾಗುತ್ತದೆ.

ಇನ್ನು ಕುದಿಸುವ ಕೆಲಸ. ಇಲ್ಲಿ ಇಂಡಕ್ಷನ್ ನಿಜಕ್ಕೂ ಚೆನ್ನ. ಗ್ಯಾಸ್ ಉರಿಯ ಬಿಸಿಯಲ್ಲಿ ಹತ್ತಿರ ಹತ್ತಿರ ಅರ್ಧ ಪಾತ್ರೆಯ ಪಕ್ಕದಿಂದ ಅಡುಗೆಮನೆಗೆ ಹೋಗುತ್ತದೆ. ಇಂಡಕ್ಷನ್‌ನಲ್ಲಿ ನೂರಕ್ಕೆ 85ರಷ್ಟು ಪಾತ್ರೆಗೇ ಸೇರುತ್ತದೆ. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಈ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಉರಿ ಆರೀತು ಅನ್ನುವ ಭಯವಿಲ್ಲದೆ ಫ್ಯಾನ್ ಹಾಕಿಕೊಂಡು ಅಡುಗೆ ಮಾಡಬಹುದು.

ನಮ್ಮತ್ತೆ ಹುರುಳಿ ಕಟ್ಟಿನ ಸಾರಿಗೆ ಕಾಳನ್ನು ಕುಕ್ಕರ್‌ಗೆ ಹಾಕಲು ಬಿಡುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ನಿಧಾನಕ್ಕೆ ಬೆಂದರೇ ಕಟ್ಟು ಗಟ್ಟಿ ಬರುತ್ತದೆ ಅಂತ ಅವರ ಮಾತು. ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದು, ಸಿಲಿಂಡರನ್ನು ಅದರ ಮೇಲಿಟ್ಟು ಒಂದು ದಿನ ಅಳೆದೆ. ನಾಲ್ಕು ಲೀಟರ್ ನೀರು ಕುದಿ ಬಂದು, ಆಮೇಲೆ ಒಂದೂವರೆ ಗಂಟೆ ಸಿಮ್‌ನಲ್ಲಿ ಬೇಯಲು ಸುಮಾರು 120 ಗ್ರಾಂ ಗ್ಯಾಸ್ ಹೋಯಿತು. ಇನ್ನೊಂದು ದಿನ ಅದೇ ಅಡುಗೆ ಇಂಡಕ್ಷನ್ ಮೇಲೆ. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರ್ ಒಂದು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ತೋರಿಸಿತು. ಕುದಿ ಬಂದ ಮೇಲೆ ಮುಚ್ಚಳ ಮುಚ್ಚಿದರೆ ಬೇಕಾಗುವುದು ಬರೀ 300 ವ್ಯಾಟ್‌ನಷ್ಟು.

ಆದರೆ ಒಂದು ಎಚ್ಚರಿಕೆ. ಕಡಿಮೆ ಬೆಲೆಯ ಎಷ್ಟೋ ಒಲೆಗಳು ನಿಜವಾಗಿ 300 ವ್ಯಾಟ್‌ಗೆ ಇಳಿಯುವುದಿಲ್ಲ. ಸಾವಿರದ ಹತ್ತಿರ ಕೆಲವು ಸೆಕೆಂಡ್ ಓಡಿ, ಕೆಲವು ಸೆಕೆಂಡ್ ಆರುತ್ತವೆ. ಸರಾಸರಿ ಮಾತ್ರ 300. ಕಿವಿಗೊಟ್ಟರೆ ಸದ್ದು ಬಂದು ನಿಂತು ಆಗುವುದು ಕೇಳಿಸುತ್ತದೆ, ಗುಳ್ಳೆಗಳೂ ಹಾಗೇ ಎದ್ದು ಅಡಗುತ್ತವೆ. ಹುರುಳಿಯಂತಹ ನೀರು ಅಡುಗೆಗೆ ಇದರಿಂದ ತೊಂದರೆ ಇಲ್ಲ. ಹೂರಣ, ಪಾಯಸ, ಗಟ್ಟಿ ಬೇಳೆಗೆ ತೊಂದರೆ. ಓಡುವ ಆ ಕೆಲವು ಸೆಕೆಂಡಿನಲ್ಲೇ ತಳ ಹಿಡಿಯುತ್ತದೆ. ನನ್ನ ಮೊದಲ ಹೂರಣ ಹೀಗೇ ಸೀದು ಹೋಯಿತು. ಒಲೆ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪಾತ್ರೆ ನೀರು ಕುದಿಸಿ, ತೀರಾ ಕೆಳಗಿನ ಮಟ್ಟಕ್ಕೆ ಇಳಿಸಿ ಎರಡು ನಿಮಿಷ ನೋಡಿ. ಗುಳ್ಳೆ ಒಂದೇ ಸಮ ಬಂದರೆ ಒಳ್ಳೆಯ ಒಲೆ. ಇಲ್ಲವಾದರೆ ಮೂರು ಪದರದ ದಪ್ಪ ತಳದ ಪಾತ್ರೆ ಬೇಕೇ ಬೇಕು. ಅದು ಬಿಸಿಯನ್ನು ಹಿಡಿದಿಟ್ಟುಕೊಂಡು ಏರಿಳಿತ ಸರಿ ಮಾಡುತ್ತದೆ.

ಇನ್ನೂ ಒಂದು ಗೊತ್ತಿರಲಿ. ತುಂಬ ಒಲೆಗಳು ಯಾರೂ ಗುಂಡಿ ಮುಟ್ಟದಿದ್ದರೆ ಎರಡು ಗಂಟೆಗೆ ತಾವೇ ಆರುತ್ತವೆ. ಕರೆಂಟ್ ಹೋಗಿ ಬಂದರೂ ಆರಿಯೇ ಇರುತ್ತವೆ. ಕಾಳು ಇಟ್ಟು ಹೊರಗೆ ಹೋದರೆ ವಾಪಸ್ ಬರುವಷ್ಟರಲ್ಲಿ ಅರೆಬೆಂದ ಕಾಳು ತಣ್ಣಗೆ ಕೂತಿರುತ್ತದೆ.

ಈಗ ಖರ್ಚು. 14.2 ಕೆಜಿ ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್ ಸುಮಾರು 120 ಯೂನಿಟ್‌ನಲ್ಲಿ ಮಾಡುತ್ತದೆ. ಸಿಲಿಂಡರ್ 900 ರೂಪಾಯಿ, ಯೂನಿಟ್‌ಗೆ ಎಲ್ಲ ಸೇರಿ 7 ರೂಪಾಯಿ ಅಂತ ಇಟ್ಟುಕೊಳ್ಳೋಣ. 120 ಯೂನಿಟ್‌ಗೆ 840 ಆಯಿತು. ಅಂದರೆ ಎರಡೂ ಹೆಚ್ಚು ಕಡಿಮೆ ಒಂದೇ. ನಿಮ್ಮ ರಸೀದಿಯ ದರ ಹಾಕಿ ನೋಡಿಕೊಳ್ಳಿ.

ಆದರೆ ನಮ್ಮಲ್ಲಿ ಲೆಕ್ಕವನ್ನು ತಿರುಗಿಸುವುದು ಗೃಹಜ್ಯೋತಿ. ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ 10ರಷ್ಟು ಸೇರಿಸಿ ಉಚಿತ ಮಿತಿ ಕಟ್ಟಿದ್ದಾರೆ. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗಷ್ಟೇ ದುಡ್ಡು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ನಮ್ಮ ಮನೆಯದು ಸರಾಸರಿ 92 ಯೂನಿಟ್, ಉಚಿತ ಮಿತಿ 101. ನಮಗೆ ಸಿಲಿಂಡರ್ 24 ದಿನ ಬರುತ್ತಿತ್ತು, ಅಂದರೆ ತಿಂಗಳಿಗೆ ಒಂದೂ ಕಾಲು, 1125 ರೂಪಾಯಿ. ಅದನ್ನೆಲ್ಲ ಇಂಡಕ್ಷನ್‌ಗೆ ಹಾಕಿದಾಗ 150 ಯೂನಿಟ್ ಸೇರಿ 242 ಆಯಿತು. 200 ದಾಟಿದ್ದರಿಂದ ಬಿಲ್ 1700ರ ಹತ್ತಿರ ಬಂತು. ಗ್ಯಾಸ್ ಉಳಿಸಲು ಹೋಗಿ ತಿಂಗಳಿಗೆ ಐನೂರು ರೂಪಾಯಿಗೂ ಜಾಸ್ತಿ ಕೈಬಿಟ್ಟಿತು.

ಈಗ ಕುದಿಸುವುದು ಮಾತ್ರ ಇಂಡಕ್ಷನ್ ಮೇಲೆ. ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60. ಒಟ್ಟು 152 ಆಗುತ್ತದೆ. ಮಿತಿಯ ಮೇಲಿನ 51 ಯೂನಿಟ್‌ಗೆ 350 ರೂಪಾಯಿ ಆಸುಪಾಸು ಕಟ್ಟುತ್ತೇವೆ, ಅರ್ಧ ಸಿಲಿಂಡರ್ ಅಂದರೆ 450 ಉಳಿಯುತ್ತದೆ. ನೂರು ರೂಪಾಯಿ ಲಾಭ, ಅಷ್ಟೇ. ದೊಡ್ಡ ಉಳಿತಾಯ ಅಂತ ನಾನು ಹೇಳುವುದಿಲ್ಲ. ಸಿಲಿಂಡರ್ 24 ದಿನದ ಬದಲು 40 ದಿನ ಬರುತ್ತಿದೆ, ಮಧ್ಯಾಹ್ನದ ಸೆಕೆ ಕಡಿಮೆ ಆಗಿದೆ. ನನಗೆ ಅದೇ ದೊಡ್ಡದು. ನೀವು ಮೊದಲು ನಿಮ್ಮ ಕರೆಂಟ್ ಬಿಲ್ ತೆಗೆದು ಈಗಿನ ಬಳಕೆ ನೋಡಿ. ಈಗಾಗಲೇ 140 ದಾಟುತ್ತಿದ್ದರೆ ದಿನಕ್ಕೆ ಎರಡು ಯೂನಿಟ್ ಸೇರಿಸುವುದೂ ಅಪಾಯ.

ಕೊಳ್ಳುವ ಮುಂಚೆ ಅಡುಗೆಮನೆಯ ಪ್ಲಗ್ ನೋಡಿ. 2000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ನಾನು ಮೊದಲು ಮಿಕ್ಸಿಯ ಸಣ್ಣ ಪ್ಲಗ್‌ಗೆ ಅಡಾಪ್ಟರ್ ಹಾಕಿ ಸಿಕ್ಕಿಸಿದ್ದೆ. ಹತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಮುಟ್ಟಿದರೆ ಪ್ಲಗ್ ಕೈ ಸುಡುತ್ತಿತ್ತು. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ 16 ಆಂಪಿಯರ್ ಸಾಕೆಟ್, ಅದಕ್ಕೆ ಬೋರ್ಡ್‌ನಿಂದಲೇ ಬೇರೆ ತಾಮ್ರದ ವೈರ್ ಎಳೆಸಿದೆ. ವೈರ್ ಕನಿಷ್ಠ 2.5 ಚದರ ಮಿಲಿಮೀಟರ್ ಇರಲಿ, ದೂರ ಜಾಸ್ತಿ ಇದ್ದರೆ 4. ಅರ್ಥಿಂಗ್ ಸರಿ ಇದೆಯಾ ಅಂತ ಅವರಿಂದಲೇ ನೋಡಿಸಿ. ಆ ಖರ್ಚನ್ನೂ ಒಲೆಯ ಬೆಲೆಗೆ ಸೇರಿಸಿಕೊಳ್ಳಿ.

ಪಾತ್ರೆಗೆ ಒಂದು ಅಯಸ್ಕಾಂತ ಸಾಕು. ಫ್ರಿಜ್ ಮೇಲೆ ಅಂಟಿಸಿದ್ದನ್ನು ತೆಗೆದು ಒಂದೊಂದೇ ಪಾತ್ರೆಯ ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಹಿಡಿದರೆ ನಡೆಯುತ್ತದೆ, ಜಾರಿ ಬಿದ್ದರೆ ಇಲ್ಲ. ಅಲ್ಯೂಮಿನಿಯಂ ಪಾತ್ರೆ, ಹಿತ್ತಾಳೆ ಪಾತ್ರೆ, ಹಳೇ ಅಲ್ಯೂಮಿನಿಯಂ ಕುಕ್ಕರ್ ಯಾವುದೂ ನಡೆಯುವುದಿಲ್ಲ. ಆರು ಜನಕ್ಕೆ ಇಂಡಕ್ಷನ್ ತಳದ ಐದು ಲೀಟರ್ ಕುಕ್ಕರ್ ಒಂದು, ಮೂರು ಪದರದ ದಪ್ಪ ಪಾತ್ರೆ ಒಂದು ತಂದರೆ ಶುರು ಮಾಡಬಹುದು. ನಿಮ್ಮ ದುಂಡು ಬಾಣಲೆ, ಹಂಚು ಗ್ಯಾಸ್ ಹತ್ತಿರವೇ ಇರಲಿ.