ಹದಿನೆಂಟು ತುಂಬುವ ಮುಂಚೆ ಹಾಕಿದ ಸಹಿ

"ತಮ್ಮನಿಗೆ 18 ತುಂಬಲು ಹನ್ನೊಂದು ದಿನ ಇರುವಾಗ ಜಯನಗರದ ಅಂಗಡಿಯೊಂದರಲ್ಲಿ ಕಂತಿನ ಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡ. ಈಗ 18 ಆಗಿದೆ. ಕಂತು ಕಟ್ಟಲೇಬೇಕೇ?"

ಆ ಒಪ್ಪಂದ ಹುಟ್ಟಿದಾಗಲೇ ಅಸಿಂಧು. ಅಪ್ರಾಪ್ತರ ಒಪ್ಪಂದಕ್ಕೆ ಬೆಲೆಯಿಲ್ಲವೆಂದು 1903ರಲ್ಲೇ ಮೋಹರಿ ಬೀಬಿ ಪ್ರಕರಣದಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿದೆ. ಹನ್ನೊಂದು ದಿನದಲ್ಲಿ ಯಾರ ಬುದ್ಧಿಯೂ ಬಲಿಯುವುದಿಲ್ಲ, ನಿಜ. ಆದರೆ ಪ್ರತಿ ಗಿರಾಕಿಯ ಬುದ್ಧಿ ಅಳೆಯುತ್ತಾ ಕೂರಲು ಅಂಗಡಿಯವರಿಗೂ ಆಗದು, ನ್ಯಾಯಾಧೀಶರಿಗೂ ಆಗದು. ಹುಟ್ಟಿದ ದಿನಾಂಕವನ್ನಾದರೆ ಯಾರು ಬೇಕಾದರೂ ಓದಬಹುದು.

ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕವನ್ನೂ ಸಹಿಯ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹದಿನೆಂಟನೆಯ ಹುಟ್ಟುಹಬ್ಬದ ದಿನ ಶುರುವಾದೊಡನೆ ಪ್ರಾಪ್ತ ವಯಸ್ಸು. ಅಂದೇ ಸಹಿ ಹಾಕಿದ್ದರೆ ಈ ವಾದ ನಿಲ್ಲದು. ಎರಡೂ ಪ್ರತಿಗಳನ್ನು ಲಗತ್ತಿಸಿ, ಒಪ್ಪಂದ ಅಸಿಂಧು ಎಂದು ಅಂಗಡಿಗೂ ಸಾಲ ಕೊಟ್ಟವರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ಹಳೆಯದನ್ನು ಈಗ ಒಪ್ಪಿಕೊಂಡರೂ ಅದಕ್ಕೆ ಜೀವ ಬರುವುದಿಲ್ಲ. ಆದರೂ "ಸುಮ್ಮನೆ ಒಂದು ಸಹಿ" ಎಂದು ಹೊಸ ಕಾಗದ ನೀಡಿದರೆ ಮುಟ್ಟಬೇಡಿ.

ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ಆಸೆ ಬೇಡ. ಪಡೆದ ಲಾಭವನ್ನು ಹಿಂದಿರುಗಿಸಲು ನ್ಯಾಯಾಲಯ ಹೇಳಬಹುದು. ನೀವೇ ಮರಳಿಸಿ, ರಸೀದಿ ಪಡೆಯಿರಿ. ಮನೆಯವರು ಯಾರಾದರೂ ಜಾಮೀನಿಗೆ ಸಹಿ ಹಾಕಿದ್ದರೆ ಮಾತ್ರ ಪತ್ರ ಕಳಿಸುವ ಮುಂಚೆ ವಕೀಲರಿಗೆ ತೋರಿಸಿ. ಹಣ ಅವರ ಮೇಲೆ ಬೀಳುವ ಸಂಭವವಿದೆ.