ಗಾಜಿನ ಪಾರ್ಟಿಷನ್‌ಗಳು: ಸಾರ್ಟ್ ಸಾಕಾ, ಓಐಟಿ ಬೇಕಾ?

ಪ್ರಶ್ನೆ: ಆಫೀಸ್ ಒಳಾಂಗಣದ ರಿಯಲ್ ಟೈಮ್ ವಾಕ್‌ಥ್ರೂ ಮಾಡ್ತಾ ಇದ್ದೀನಿ, ಸಿ++ ಮತ್ತು ಓಪನ್‌ಜಿಎಲ್. ಸುಮಾರು 40 ಗಾಜಿನ ಪಾರ್ಟಿಷನ್ ಇವೆ. ಕೆಲವು ಕ್ಲಿಯರ್, ಕೆಲವು ಕಂದು ಟಿಂಟ್, ಕೆಲವಕ್ಕೆ ಬಿಳಿ ಫ್ರಾಸ್ಟೆಡ್ ಫಿಲ್ಮ್. ದೂರದ್ದು ಮೊದಲು ಬರೋ ಹಾಗೆ ಸಾರ್ಟ್ ಮಾಡಿದ್ರೂ ಕ್ಯಾಮೆರಾ ತಿರುಗಿಸಿದಾಗ ಒಂದು ಗಾಜು ಇದ್ದಕ್ಕಿದ್ದ ಹಾಗೆ ಇನ್ನೊಂದರ ಮುಂದೆ ಬಂದುಬಿಡುತ್ತೆ. ಓಐಟಿಗೆ ಹೋಗೋದೇ ಒಳ್ಳೇದಾ?

ಉತ್ತರ:

ಈ ಸೀನ್‌ಗೆ ಓಐಟಿ, ಅಂದರೆ ಯಾವ ಕ್ರಮದಲ್ಲಿ ಬರೆದರೂ ಪಾರದರ್ಶಕ ಪದರಗಳನ್ನು ಬೆರೆಸಿಕೊಡುವ ವಿಧಾನ, ಬೇಡ. ಎಲ್ಲಿ ತಪ್ಪಾಗಿದೆ ಅನ್ನೋದು ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಂತ ಜಾಗದಲ್ಲೇ ನಿಂತು ತಲೆ ತಿರುಗಿಸಿದರೆ ಯಾವ ಗಾಜು ಯಾವುದರ ಹಿಂದಿದೆ ಅನ್ನೋದು ಬದಲಾಗೋದಿಲ್ಲ. ಅದನ್ನು ತೀರ್ಮಾನಿಸೋದು ಕಣ್ಣು ಎಲ್ಲಿದೆ ಅನ್ನೋದು ಮಾತ್ರ. ತಿರುಗಿಸಿದ ಮಾತ್ರಕ್ಕೆ ಕ್ರಮ ಬದಲಾಗುತ್ತಿದೆ ಅಂದರೆ ನೀವು ಪ್ರತಿ ಗಾಜಿನ ಮಧ್ಯಬಿಂದುವಿನ ವ್ಯೂ ಸ್ಪೇಸ್ z ಹಿಡಿದು ಸಾರ್ಟ್ ಮಾಡುತ್ತಿದ್ದೀರಿ. ಉದ್ದನೆಯ ಗಾಜಿಗೆ ಮಧ್ಯಬಿಂದು ಪ್ರತಿನಿಧಿಯೇ ಅಲ್ಲ.

ಅಂಕಿ ಹಾಕಿ ನೋಡೋಣ. ಮೇಲಿನಿಂದ ನೋಡಿದ ಪ್ಲಾನ್, ಅಳತೆ ಮೀಟರ್‌ನಲ್ಲಿ, ಕಣ್ಣು (0, 0) ನಲ್ಲಿ. ಕಾರಿಡಾರಿನ ಪಕ್ಕದ ಗಾಜು A, x = 1 ರ ಮೇಲೆ z = 0 ಇಂದ 6 ರವರೆಗೆ ಹೋಗಿದೆ, ಅದರ ಮಧ್ಯ (1, 3). ಅದರಾಚೆ ಮೀಟಿಂಗ್ ರೂಮಿನ ಗಾಜು B, z = 2 ರಲ್ಲಿ x = 1.5 ಇಂದ 2.5 ರವರೆಗೆ, ಮಧ್ಯ (2, 2). ಕಣ್ಣಿಂದ B ಕಡೆ ಗೆರೆ ಎಳೆದರೆ ಅದು A ಯನ್ನು ದಾಟಿಯೇ ಹೋಗಬೇಕು, ಹಾಗಾಗಿ B ಹಿಂದೆ, ಅದನ್ನೇ ಮೊದಲು ಬರೆಯಬೇಕು. ಆದರೆ z ದಿಕ್ಕಿಗೆ ನೋಡುವಾಗ A ಯ ಆಳ 3, B ದು 2, ಕ್ರಮ ತಪ್ಪು. x ದಿಕ್ಕಿಗೆ ತಿರುಗಿದರೆ A 1, B 2, ಕ್ರಮ ಸರಿ. ಸರಿಯಾಗಿ 45 ಡಿಗ್ರಿಯಲ್ಲಿ ಎರಡೂ 2.83 ಆಗುತ್ತವೆ, ಜಿಗಿತ ಕಾಣೋದು ಅಲ್ಲೇ. ನೇರ ದೂರ ಹಿಡಿದರೂ ಪಾರಾಗೋದಿಲ್ಲ: A 3.16, B 2.83. ಆಗ ತಿರುಗಿಸಿದಾಗ ಜಿಗಿಯೋದು ನಿಲ್ಲುತ್ತೆ ಅಷ್ಟೇ, ಕ್ರಮ ಎಲ್ಲ ಕಡೆಯಿಂದಲೂ ತಪ್ಪಾಗಿಯೇ ಉಳಿಯುತ್ತೆ.

(ಇದನ್ನು ಬೇರೆ ಎರಡು ರೋಗಗಳ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಹಿಂದಿನ ಗಾಜು ಪೂರ್ತಿ ಮಾಯವಾದರೆ ಗಾಜು ಬರೆಯುವಾಗ ಡೆಪ್ತ್ ರೈಟ್ ಆನ್ ಉಳಿದಿದೆ, `glDepthMask(GL_FALSE)` ಹಾಕಿ, ಡೆಪ್ತ್ ಟೆಸ್ಟ್ ಮಾತ್ರ ಇರಲಿ. ಗಾಜಿನ ಮೇಲೆ ಚುಕ್ಕೆ ಚುಕ್ಕೆ ಮಿನುಗಿದರೆ ಅದು ಒಂದೇ ಜಾಗದಲ್ಲಿ ಕೂತ ಎರಡು ಮೇಲ್ಮೈಗಳ ಜಗಳ.)

ಸಮತಟ್ಟಾದ ಗಾಜಿಗೆ ಸರಿಯಾದ ಪರೀಕ್ಷೆ ದೂರದ್ದಲ್ಲ, ಪಕ್ಕದ್ದು. A ಯ ಸಮತಲವನ್ನು ಎಲ್ಲ ಕಡೆಗೂ ಎಳೆದು, B ಯ ನಾಲ್ಕೂ ಮೂಲೆ ಕಣ್ಣಿನ ಪಕ್ಕದಲ್ಲಿವೆಯೋ ಆಚೆ ಪಕ್ಕದಲ್ಲಿವೆಯೋ ನೋಡಿ. ನಾಲ್ಕೂ ಆಚೆ ಇದ್ದರೆ B ಎಂದೂ A ಯನ್ನು ಮುಚ್ಚಲಾರದು.

```cpp
// 1: b ಹಿಂದೆ, -1: b ಮುಂದೆ, 0: ತೀರ್ಮಾನವಿಲ್ಲ
int side(const Pane& a, const Pane& b, vec3 eye) {
    float e = sign(dot(a.n, eye) - a.d);
    bool far = true, near = true;
    for (vec3 p : b.corner) {
        float s = (dot(a.n, p) - a.d) * e;
        if (s >  0.01f) far  = false;
        if (s < -0.01f) near = false;
    }
    return far == near ? 0 : (far ? 1 : -1);
}
```

ಮೇಲಿನ ಉದಾಹರಣೆಯಲ್ಲಿ B ಯ ಮೂಲೆಗಳೆಲ್ಲ x = 1 ರಾಚೆ ಇವೆ, ಉತ್ತರ 1, ಕ್ಯಾಮೆರಾ ಎತ್ತ ತಿರುಗಿದರೂ ಅದೇ. ಸೊನ್ನೆ ಬಂದರೆ a, b ಅದಲು ಬದಲು ಮಾಡಿ ಇನ್ನೊಮ್ಮೆ ಕೇಳಿ, ಬಂದ ಉತ್ತರದ ಚಿಹ್ನೆ ತಿರುಗಿಸಿ. ಒಂದು ಸೆಂಟಿಮೀಟರ್ ಸಡಿಲ ಬಿಟ್ಟಿರೋದು ಬೇಕೆಂದೇ: ಮಾಡೆಲ್‌ನಲ್ಲಿ ಗಾಜಿನ ಅಂಚು ಸಾಮಾನ್ಯವಾಗಿ ಫ್ರೇಮಿನೊಳಕ್ಕೆ ಸ್ವಲ್ಪ ಹೋಗಿರುತ್ತೆ. ಆ ಸಡಿಲ ಇಲ್ಲದಿದ್ದರೆ ಮೂಲೆಯಲ್ಲಿ ಸೇರುವ ಪ್ರತಿ ಎರಡು ಗಾಜೂ ಒಂದನ್ನೊಂದು ಸೀಳಿದಂತೆ ಲೆಕ್ಕಕ್ಕೆ ಬರುತ್ತೆ.

ಇಲ್ಲಿ ಬಹಳ ಜನ ಬೀಳುವ ಹಳ್ಳ ಒಂದಿದೆ. ಈ ಹೋಲಿಕೆಯನ್ನು `std::sort` ಗೆ ಕೊಡಬೇಡಿ. A ಗೂ B ಗೂ ತೀರ್ಮಾನವಿಲ್ಲ, B ಗೂ C ಗೂ ತೀರ್ಮಾನವಿಲ್ಲ, ಆದರೆ A ಯ ಹಿಂದೆ C ಇದೆ ಅನ್ನೋ ಪರಿಸ್ಥಿತಿ ಇಲ್ಲಿ ಸಹಜ. `std::sort` ಅದನ್ನು ಒಪ್ಪೋದಿಲ್ಲ, ಕಸ ಕ್ರಮ ಕೊಡಬಹುದು, ಕ್ರ್ಯಾಶ್ ಕೂಡ ಆಗಬಹುದು. ಎಲ್ಲ ಜೋಡಿಗಳನ್ನೂ ಕೇಳಿ ಟೊಪೊಲಾಜಿಕಲ್ ಸಾರ್ಟ್ ಮಾಡಿ. 40 ಗಾಜಿಗೆ 780 ಜೋಡಿ, ಸಿಪಿಯುಗೆ ಅದು ಲೆಕ್ಕಕ್ಕೇ ಇಲ್ಲ. ಪರದೆಯ ಮೇಲೆ ಎರಡರ ಚೌಕಟ್ಟುಗಳು ಒಂದರ ಮೇಲೊಂದು ಬೀಳದಿದ್ದರೆ ಆ ಜೋಡಿಯನ್ನು ಬಿಟ್ಟುಬಿಡಿ, ಸುಮ್ಮಸುಮ್ಮನೆ ಸುತ್ತು ಹುಟ್ಟೋದು ತಪ್ಪುತ್ತೆ. ನಿಜವಾದ ಸುತ್ತು ಸಿಕ್ಕರೆ, ಅಂದರೆ ಮೂರು ಗಾಜು ಒಂದನ್ನೊಂದು ಚಕ್ರದಂತೆ ಮುಚ್ಚಿದರೆ, ಒಂದನ್ನು ಇನ್ನೊಂದರ ಸಮತಲದಲ್ಲಿ ಎರಡು ತುಂಡು ಮಾಡಿ. ಸ್ಥಿರ ಕಟ್ಟಡವಾದ್ದರಿಂದ ಆ ತುಂಡು ಮಾಡುವ ಕೆಲಸ ಲೋಡ್ ಆಗುವಾಗಲೇ ಮುಗಿಸಬಹುದು.

ಸಾರ್ಟ್ ಮಾಡಿದರೆ 40 ಡ್ರಾ ಕಾಲ್ ಬೇಕಲ್ಲ ಅನ್ನುವ ಚಿಂತೆಯೂ ಬೇಡ. ಟಿಂಟ್, ಫಿಲ್ಮಿನ ಮೌಲ್ಯಗಳನ್ನು ವರ್ಟೆಕ್ಸ್‌ನಲ್ಲೇ ಇಟ್ಟು ಎಲ್ಲವನ್ನೂ ಒಂದೇ ಬಫರ್‌ಗೆ ಹಾಕಿ, ಫ್ರೇಮಿಗೊಮ್ಮೆ 240 ಇಂಡೆಕ್ಸ್ ಮಾತ್ರ ಹೊಸ ಕ್ರಮದಲ್ಲಿ ಬರೆಯಿರಿ. ಒಂದೇ ಡ್ರಾ ಒಳಗೆ ತ್ರಿಕೋನಗಳು ಕೊಟ್ಟ ಕ್ರಮದಲ್ಲೇ ಬ್ಲೆಂಡ್ ಆಗುತ್ತವೆ ಎಂದು ಓಪನ್‌ಜಿಎಲ್ ಖಾತ್ರಿ ಕೊಡುತ್ತೆ.

ಈಗ ಇನ್ನೊಂದು ವಿಷಯ, ನನ್ನ ಪ್ರಕಾರ ಸಾರ್ಟ್‌ಗಿಂತ ಮುಖ್ಯವಾದದ್ದು. ಗಾಜಿಗೆ ಹಸಿರು ಬಣ್ಣ, ಆಲ್ಫಾ 0.3 ಎಂದು ಕೊಟ್ಟಿದ್ದರೆ ಅದು ಗಾಜಲ್ಲ, ತೆಳು ಬಣ್ಣದ ಮಂಜು. ನಿಜವಾದ ಗಾಜು ಎರಡೇ ಕೆಲಸ ಮಾಡುತ್ತೆ: ಹಿಂದಿನ ಬೆಳಕನ್ನು ಒಂದು ಅಂಶದಿಂದ ಗುಣಿಸುತ್ತೆ, ತನ್ನ ಪ್ರತಿಫಲನವನ್ನು ಕೂಡುತ್ತೆ.

```
C = R + T * C_ಹಿಂದಿನದು
```

ಡ್ಯುಯಲ್ ಸೋರ್ಸ್ ಬ್ಲೆಂಡಿಂಗ್‌ನಲ್ಲಿ ಇದು ಒಂದೇ ಸಾಲು: `glBlendFunc(GL_ONE, GL_SRC1_COLOR)`. R ಮೊದಲ ಔಟ್‌ಪುಟ್, T ಎರಡನೆಯದು, ಕೆಂಪು-ಹಸಿರು-ನೀಲಿಗೆ ಬೇರೆ ಬೇರೆ T. ಗುಣಾಕಾರ ಹೇಗೆ ಮಾಡಿದರೂ ಒಂದೇ, ಆದ್ದರಿಂದ T ಭಾಗಕ್ಕೆ ಕ್ರಮವೇ ಬೇಡ. ಕ್ರಮ ತಪ್ಪಿದಾಗ ಕೆಡೋದು R ಮಾತ್ರ. ಕ್ಲಿಯರ್ ಗಾಜನ್ನು ನೇರವಾಗಿ ನೋಡಿದಾಗ ಒಂದೊಂದು ಮೇಲ್ಮೈಯಿಂದ ಪ್ರತಿಫಲಿಸೋದು ಸುಮಾರು 4%, ಎರಡೂ ಸೇರಿ 8%. T 0.9 ಇದ್ದರೆ ಕ್ರಮ ತಪ್ಪಿದ ದೋಷ ಆ 8 ರಲ್ಲಿ ಹತ್ತನೇ ಒಂದು ಭಾಗ, ಕಣ್ಣಿಗೆ ಬೀಳೋದಿಲ್ಲ. ಓರೆಯಾಗಿ ನೋಡಿದಾಗ, ಅಥವಾ T 0.4 ಇರುವ ಕಂದು ಗಾಜಿನ ಹಿಂದೆ ಲೈಟಿನ ಹೊಳಪು ಇದ್ದಾಗ ಮಾತ್ರ ಕಾಣುತ್ತೆ: 0.4 ಕ್ಕೆ ಇಳಿಯಬೇಕಾದ ಹೊಳಪು ಇಳಿಯದೆ ಎರಡೂವರೆ ಪಟ್ಟು ಉಳಿಯುತ್ತೆ.

ಕ್ರಮ ನಿಜಕ್ಕೂ ಬೇಕಾಗೋದು ನಿಮ್ಮ ಫ್ರಾಸ್ಟೆಡ್ ಫಿಲ್ಮಿಗೆ, ಯಾಕೆಂದರೆ ಅದಕ್ಕೆ ಸ್ವಂತ ಬಿಳುಪಿದೆ. ಗೋಡೆಯ ಬೆಳಕು 0.2, ಫಿಲ್ಮಿನ ಬಿಳುಪು 0.8, ಆಲ್ಫಾ 0.5, ಅದರ ಮುಂದೆ ಕಂದು ಗಾಜು 0.4 ಎಂದುಕೊಳ್ಳಿ. ಸರಿಯಾದ ಕ್ರಮದಲ್ಲಿ ಫಿಲ್ಮ್ ಮೊದಲು, 0.4 + 0.1 = 0.5, ಅದನ್ನು ಕಂದು ಗಾಜು 0.2 ಕ್ಕೆ ಇಳಿಸುತ್ತೆ. ತಪ್ಪು ಕ್ರಮದಲ್ಲಿ ಗೋಡೆ ಮೊದಲು 0.08 ಆಗುತ್ತೆ, ಮೇಲೆ ಫಿಲ್ಮ್ ಬಂದು 0.44. ಎರಡು ಪಟ್ಟಿಗೂ ಹೆಚ್ಚು. ನೀವು ನೋಡುತ್ತಿರುವ ಜಿಗಿತ ಬಹುಪಾಲು ಇಂಥ ಜೋಡಿಗಳದ್ದೇ ಇರಬೇಕು. ಖಚಿತ ಮಾಡಿಕೊಳ್ಳಲು ಒಂದು ಫ್ರೇಮನ್ನು ಸಾರ್ಟ್ ಕ್ರಮದಲ್ಲೂ ಪೂರ್ತಿ ಉಲ್ಟಾ ಕ್ರಮದಲ್ಲೂ ಬರೆದು, ವ್ಯತ್ಯಾಸವನ್ನು 10 ರಿಂದ ಗುಣಿಸಿ ಪರದೆಗೆ ಹಾಕಿ. ಕಪ್ಪಾಗಿ ಉಳಿದ ಜಾಗದಲ್ಲಿ ಕ್ರಮಕ್ಕೆ ಬೆಲೆಯೇ ಇಲ್ಲ.

ಹಾಗಾದರೆ ಓಐಟಿ ಯಾವಾಗ? ವಸ್ತುವಿನ ಮಟ್ಟದಲ್ಲಿ ಸರಿಯಾದ ಕ್ರಮವೇ ಇಲ್ಲದಾಗ. ಬಳಕೆದಾರ ಯಾವ ಭಾಗವನ್ನಾದರೂ ಪಾರದರ್ಶಕ ಮಾಡಬಹುದಾದ ಕ್ಯಾಡ್ ವ್ಯೂವರ್, ಒಂದನ್ನೊಂದು ಸೀಳುವ ಬಾಗಿದ ಮೇಲ್ಮೈಗಳು, ಗಾಜಿನ ಒಳಗೂ ಹೊರಗೂ ಹರಡಿದ ಹೊಗೆ, ಇವಕ್ಕೆ. ಆಗಲೂ ಯಾವ ಬಗೆಯ ಓಐಟಿ ಅನ್ನೋದರ ಮೇಲೆ ಬೆಲೆ ನಿಂತಿದೆ. ಪ್ರತಿ ಪಿಕ್ಸೆಲ್‌ಗೆ ಲಿಂಕ್ಡ್ ಲಿಸ್ಟ್ ಇಟ್ಟು ಶೇಡರ್‌ನಲ್ಲಿ ಸಾರ್ಟ್ ಮಾಡಿದರೆ ಉತ್ತರ ನಿಖರ, ಆದರೆ 1920×1080 ರಲ್ಲಿ ಸರಾಸರಿ 4 ಪದರ, ಪದರಕ್ಕೆ 12 ಬೈಟ್ ಎಂದರೂ ಸುಮಾರು 100 ಎಂಬಿ, 4ಕೆ ಪರದೆಗೆ 400. ಕ್ಯಾಮೆರಾ ಗಾಜಿಗೆ ಹತ್ತಿರ ಹೋಗಿ ಪದರ ಹೆಚ್ಚಾದ ಕೂಡಲೇ ಬಫರ್ ತುಂಬುತ್ತೆ, ಕೆಲವು ತುಣುಕುಗಳು ಬಿಟ್ಟುಹೋಗುತ್ತವೆ, ಯಾವುದು ಬಿಡಬೇಕು ಅನ್ನೋದು ಫ್ರೇಮಿಗೊಂದು ರೀತಿ ಇರೋದರಿಂದ ಚಿತ್ರ ಮಿನುಗುತ್ತೆ.

ಅಗ್ಗದ್ದು ಮೆಕ್‌ಗ್ವೈರ್ ಮತ್ತು ಬವೊಯಿಲ್ 2013 ರಲ್ಲಿ ಕೊಟ್ಟ ವೇಯ್ಟೆಡ್ ಬ್ಲೆಂಡೆಡ್ ವಿಧಾನ: ಪಿಕ್ಸೆಲ್‌ಗೆ 9 ಬೈಟ್, ಒಂದೇ ಪಾಸ್. ಆದರೆ ಅದು ಪದರಗಳ ತೂಕದ ಸರಾಸರಿ ಮಾತ್ರ, ಮತ್ತು ಅದರ ತೂಕದ ಸೂತ್ರವನ್ನು ಎಲ್ಲರೂ ಹಾಗೇ ಎತ್ತಿಕೊಳ್ಳುತ್ತಾರೆ:

```glsl
float w = a * clamp(0.03 / (1e-5 + pow(abs(z)/200.0, 4.0)), 1e-2, 3e3);
```

ಮೀಟರ್ ಅಳತೆಯ ಕೋಣೆಯಲ್ಲಿ ಇದಕ್ಕೆ z = 1 ಕೊಟ್ಟರೆ a ಬಿಟ್ಟು ಸುಮಾರು 3000, z = 5 ಕ್ಕೆ 2887. ಅಂದರೆ ಆ ಐದು ಮೀಟರ್ ಒಳಗೆ ಹತ್ತಿರದ ಗಾಜಿಗೂ ದೂರದ ಗಾಜಿಗೂ ವ್ಯತ್ಯಾಸವೇ ಇಲ್ಲ, ಎಲ್ಲ ಕಲಸಿ ಒಂದೇ ಬಣ್ಣ. z ಅನ್ನು 5 ರಿಂದ ಗುಣಿಸಿ ಕೊಟ್ಟರೆ 2887 ಮತ್ತು 118 ಆಗಿ ಹತ್ತಿರದ್ದು ಗೆಲ್ಲುತ್ತೆ. ಇನ್ನೊಂದು, ಒಟ್ಟು ಕೂಡುವ ಬಫರ್ 16 ಬಿಟ್ ಫ್ಲೋಟ್, ಅದರ ಮಿತಿ 65504. ಲೈಟಿನ ಹೊಳಪು 20 ಇದ್ದು ತೂಕ 3000 ಆದರೆ ಒಂದು ಪದರಕ್ಕೇ 60000, ಎರಡನೆಯದಕ್ಕೆ ಉಕ್ಕಿ ಅನಂತ. ಗಾಜಿನ ಹೊಳಪಿನ ಜಾಗದಲ್ಲೇ ಕಪ್ಪು ಚೌಕಗಳು ಕಂಡು, ಬ್ಲೂಮ್ ಆನ್ ಮಾಡಿದಾಗ ಅವು ಹರಡಿದರೆ ಕಾರಣ ಇದೇ. ತೂಕದ ಮೇಲ್ಮಿತಿಯನ್ನು 3e3 ಇಂದ 3e2 ಗೆ ಇಳಿಸಿ. ಅನುಪಾತ ಕೆಡದಿರಲು ಮೇಲಿನ 0.03 ನ್ನೂ 0.003 ಮಾಡಿ.