ಹೊಸಬರಿಗೆ ಹಳಬರಿಗಿಂತ ಹೆಚ್ಚು ಸಂಬಳವಿದ್ದರೆ ಏನು ಮಾಡಬೇಕು?

ಪ್ರಶ್ನೆ: ಮಡಿಕೇರಿ ಬಳಿಯ ರೆಸಾರ್ಟ್ ಒಂದರ ಫ್ರಂಟ್ ಆಫೀಸ್‌ನಲ್ಲಿ ಆರು ವರ್ಷಗಳಿಂದ ಇದ್ದೇನೆ. 18,000ಕ್ಕೆ ಸೇರಿದವನಿಗೆ ಈಗ ಸುಮಾರು 24,100 ರೂಪಾಯಿ. ನಾನೇ ಕೆಲಸ ಕಲಿಸುತ್ತಿರುವ ಹೊಸಬರಿಗೆ 27,000. ಏನು ಮಾಡಲಿ?

ಉತ್ತರ: ನಿಮ್ಮ ಸಂಬಳ ವರ್ಷಕ್ಕೆ ಶೇ. 5ರಂತೆ ಹಳೆಯ ಮೊತ್ತದ ಮೇಲೆಯೇ ಬೆಳೆದಿದೆ. ಹೊಸಬರ ಸಂಬಳವನ್ನು ಇಂದಿನ ಮಾರುಕಟ್ಟೆ ನಿರ್ಧರಿಸಿದೆ. ಮುಂದೆಯೂ ಇಬ್ಬರಿಗೂ ಶೇ. 5ರಷ್ಟೇ ಏರಿಕೆಯಾದರೆ ನಿಮಗೆ ಸಿಗುವುದು 1,205, ಅವರಿಗೆ 1,350. ಅಂದರೆ 2,900ರ ಅಂತರ ಕಡಿಮೆಯಾಗುವ ಬದಲು 3,045ಕ್ಕೇರುತ್ತದೆ. ಆದ್ದರಿಂದ ವಾರ್ಷಿಕ ಇನ್‌ಕ್ರಿಮೆಂಟ್‌ನಿಂದ ಪ್ರತ್ಯೇಕವಾಗಿ, ಸುಮಾರು ಶೇ. 12ರಷ್ಟು ವೇತನ ಸರಿಪಡಿಕೆಯನ್ನೇ ಕೇಳಬೇಕು.

ಮೊದಲು ಎರಡೂ ಮೊತ್ತಗಳು ಒಂದೇ ಬಗೆಯವೇ ಎಂದು ನೋಡಿಕೊಳ್ಳಿ. ಅವರ 27,000ದಲ್ಲಿ ಮಾಲೀಕರ ಪಿಎಫ್ ಪಾಲೂ ಸೇರಿದ್ದು, ನಿಮ್ಮದು ಕೈಗೆ ಬರುವ ಸಂಬಳವಾಗಿದ್ದರೆ ನಿಜವಾದ ಅಂತರ ಬಹಳ ಕಡಿಮೆಯಿರಬಹುದು.

ಮನವಿಯಲ್ಲಿ ಸಹೋದ್ಯೋಗಿಯ ಹೆಸರೆತ್ತಬೇಡಿ. ಅದರಿಂದ ಅವರಿಗೂ ತೊಂದರೆ, ಮಾತೂ ದಾರಿ ತಪ್ಪುತ್ತದೆ. ಅದೇ ಹುದ್ದೆಗೆ ಕುಶಾಲನಗರ, ವಿರಾಜಪೇಟೆ ಕಡೆಯ ರೆಸಾರ್ಟ್‌ಗಳ ಜಾಹೀರಾತಿನಲ್ಲಿರುವ ಸಂಬಳವನ್ನೂ, ನೀವು ತರಬೇತಿ ಕೊಟ್ಟವರ ಮತ್ತು ಒಬ್ಬರೇ ನಿಭಾಯಿಸುವ ರಾತ್ರಿ ಪಾಳಿಗಳ ವಿವರವನ್ನೂ ಬರೆದು, ಮುಂದಿನ ವರ್ಷದ ಬಜೆಟ್ ಅಂತಿಮಗೊಳ್ಳುವ ಮೊದಲೇ ಕೊಡಿ.

ಒಂದು ಸಲದ ಬೋನಸ್ ಕೊಡುತ್ತೇವೆಂದರೆ ಅಷ್ಟಕ್ಕೇ ಒಪ್ಪಬೇಡಿ, ಏಕೆಂದರೆ ಅದು ಮೂಲ ವೇತನಕ್ಕೆ ಸೇರುವುದಿಲ್ಲ. ಗ್ರಾಚ್ಯುಟಿಯನ್ನು ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಇಡೀ ಸೇವಾವಧಿಗೆ ಲೆಕ್ಕ ಹಾಕುವುದರಿಂದ, ಮೂಲ ವೇತನ ಸರಿಯಾದರೆ ಕಳೆದ ಆರು ವರ್ಷಗಳ ಗ್ರಾಚ್ಯುಟಿಯೂ ಏರುತ್ತದೆ. ಒಂದೇ ಸಲಕ್ಕೆ ಆಗದೆಂದರೆ ಎರಡು ಕಂತುಗಳಲ್ಲಿ, ದಿನಾಂಕ ಸಹಿತ, ಬರಹದಲ್ಲಿ ಪಡೆಯಿರಿ.